ಓದಿಸಿ ಗುರುತು ಹಾಕುವುದು: ಎರಡನೇ ತರಗತಿ ಮಗುವಿನ ಓದನ್ನು ಅಳೆಯುವ ಬಗೆ

ನಮ್ಮದು ಕಾಸರಗೋಡಿನ ಒಂದು ಎಲ್‌ಪಿ ಶಾಲೆ, ಕನ್ನಡ ಮೀಡಿಯಂ. ಎರಡನೇ ತರಗತಿಯಲ್ಲಿ ಕೂತ ಮಕ್ಕಳ ಮನೆ ಮಾತು ಎಣಿಸಿದರೆ ತುಳು, ಮಲಯಾಳ, ಬ್ಯಾರಿ, ಹವ್ಯಕ, ಮರಾಠಿ ಎಲ್ಲ ಬರುತ್ತದೆ. ಪುಸ್ತಕದ ಕನ್ನಡವನ್ನೇ ಮನೆಯಲ್ಲೂ ಮಾತಾಡುವ ಮಗು ಸಿಗುವುದು ಅಪರೂಪ. ಇಂಥ ತರಗತಿಯಲ್ಲಿ ಒಂದು ಮಗು ಎಷ್ಟು ಸರಿಯಾಗಿ ಓದುತ್ತದೆ ಅಂತ ಅಳೆಯುವುದು ಹೇಗೆ ಅನ್ನುವುದು ಈ ಲೇಖನ. ಬಳಸುವ ಸಾಧನ ರನ್ನಿಂಗ್ ರೆಕಾರ್ಡ್. ಮಗು ಓದುತ್ತಾ ಹೋಗುತ್ತದೆ, ನೀವು ಪಕ್ಕದಲ್ಲಿ ಕೂತು ಪ್ರತಿ ಪದಕ್ಕೂ ಒಂದು ಗುರುತು ಹಾಕುತ್ತಾ ಹೋಗುತ್ತೀರಿ. ನ್ಯೂಜಿಲೆಂಡಿನ ಮೇರಿ ಕ್ಲೇ ರೂಪಿಸಿದ ವಿಧಾನ ಇದು. ಅಲ್ಲಿ ಅದು ಇಂಗ್ಲಿಷಿಗೆ ಅಂತ ಬಂದದ್ದು, ಕನ್ನಡಕ್ಕೆ ತರುವಾಗ ಒಂದೆರಡು ಕಡೆ ಯೋಚಿಸಬೇಕಾಗುತ್ತದೆ.

ಮೊದಲೇ ಹೇಳಿಬಿಡುತ್ತೇನೆ. ಗುರುತು ಹಾಕುವುದು ಕಷ್ಟ ಅಲ್ಲ, ಒಂದು ವಾರದಲ್ಲಿ ಕೈ ಕೂರುತ್ತದೆ. ಯಾವುದನ್ನು ತಪ್ಪು ಅಂತ ಎಣಿಸಬೇಕು, ಯಾವುದನ್ನು ಬಿಡಬೇಕು, ಕಷ್ಟ ಇರುವುದು ಅಲ್ಲಿ. ಅದನ್ನು ಮಗು ಬಂದು ಕೂರುವ ಮೊದಲೇ ತೀರ್ಮಾನ ಮಾಡಿಕೊಂಡಿರಬೇಕು. ನಾನು ಹಾಗೆ ಮಾಡದೆ ಒಂದು ವರ್ಷ ಒಬ್ಬ ಹುಡುಗನನ್ನು ತಪ್ಪು ಗುಂಪಿಗೆ ಹಾಕಿದ್ದೆ. ಅವನು "ಹೂ" ಇದ್ದಲ್ಲೆಲ್ಲ "ಊ" ಅಂತ ಓದುತ್ತಿದ್ದ, ನಾನು ಒಂದೊಂದಕ್ಕೂ ತಪ್ಪು ಹಾಕಿದೆ, ಅವನು ಅಕ್ಷರ ಕಲಿಯುವ ಮಕ್ಕಳ ಜೊತೆ ಕೂರಬೇಕಾಯಿತು. ಎರಡು ತಿಂಗಳು ಅವನಿಗೆ ಗೊತ್ತಿದ್ದದ್ದನ್ನೇ ಕಲಿಸಿದೆ. ಅವನು ಸುಮ್ನೆ ಕೂತಿದ್ದ, ಪಾಪ.

ಪಾಠಭಾಗ ಆರಿಸುವುದು

ಪಠ್ಯಪುಸ್ತಕದ ಪಾಠ ಬೇಡ. ಮಕ್ಕಳು ಅದನ್ನು ಕೇಳಿ ಕೇಳಿ ಬಾಯಿಪಾಠ ಮಾಡಿರುತ್ತಾರೆ, ಕಣ್ಣು ಪುಟದ ಮೇಲೆ ಇಲ್ಲದಿದ್ದರೂ ಬಾಯಿ ಓದುತ್ತಿರುತ್ತದೆ. ಹೊಸದು ಬೇಕು. ಮಗು ಮೊದಲ ಸಲ ನೋಡುವಂಥದ್ದು. ನಾನೇ ಬರೆಯುತ್ತೇನೆ, ಎರಡನೇ ತರಗತಿಗೆ 60 ಪದದ ಆಸುಪಾಸು. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ 100 ಪದ ಇರಲಿ ಅನ್ನುತ್ತಾರೆ. ಆದರೆ ನಮ್ಮ "ಹರಿಯುತ್ತಿತ್ತು" ಅನ್ನುವ ಒಂದು ಪದ ಅಲ್ಲಿ ಎರಡು ಪದ ಆಗುತ್ತದೆ, ಅದರಲ್ಲಿ ಐದು ಅಕ್ಷರ, ಎರಡು ಒತ್ತು. ಎರಡನೇ ತರಗತಿಯ ಮಗುವಿಗೆ ಕನ್ನಡದ 60 ಪದ ಸಾಕಷ್ಟು ದೊಡ್ಡದೇ.

ಕಳೆದ ಮಳೆಗಾಲದಲ್ಲಿ ನಾನು ಬಳಸಿದ್ದು ಇದು:

ಮಳೆ ಜೋರಾಗಿ ಬರುತ್ತಿತ್ತು. ಅಜ್ಜ ಹೊಸ ಕೊಡೆ ತಂದಿದ್ದರು. (7)
ಕೊಡೆಯ ಬಣ್ಣ ಹಸಿರು. ರಶೀದ ಅದನ್ನು ಹಿಡಿದು ಶಾಲೆಗೆ ಹೊರಟ. (15)
ತೋಟದ ದಾರಿಯಲ್ಲಿ ನೀರು ಹರಿಯುತ್ತಿತ್ತು. ಅಲ್ಲಿ ಬೆಕ್ಕಿನ ಮರಿ ನಡುಗುತ್ತಾ ನಿಂತಿತ್ತು. (24)
ರಶೀದ ಮರಿಯನ್ನು ನೋಡಿದ. ಪಾಪ ಅನ್ನಿಸಿತು. ಕೊಡೆಯನ್ನು ಅದರ ಮೇಲೆ ಹಿಡಿದ. (33)
ಆಗ ಗಾಳಿ ಬೀಸಿತು. ಕೊಡೆ ಹಾರಿ ಹಳ್ಳಕ್ಕೆ ಬಿತ್ತು. (40)
ಇಬ್ಬರೂ ಒದ್ದೆಯಾದರು. ರಶೀದ ಮರಿಯನ್ನು ಎತ್ತಿಕೊಂಡು ಮನೆಗೆ ಓಡಿದ. (47)
ಅಜ್ಜ ಬೈಯಲಿಲ್ಲ. ಬಟ್ಟೆಯಿಂದ ಮರಿಯ ಮೈ ಒರೆಸಿದರು. (53)
ಮರಿ ಮೆಲ್ಲಗೆ ಕೂಗಿತು. ಅಜ್ಜಿ ಬಿಸಿ ಹಾಲು ತಂದರು. (60)

ಸಾಲಿನ ಕೊನೆಯ ಅಂಕಿ ಅಲ್ಲಿವರೆಗಿನ ಪದಗಳ ಲೆಕ್ಕ. ಅದು ನನ್ನ ಹಾಳೆಯಲ್ಲಿ ಮಾತ್ರ, ಮಗುವಿನ ಹಾಳೆಯಲ್ಲಿ ಇರಬಾರದು. ಮಗುವಿಗೆ ಕೊಡುವ ಹಾಳೆಯಲ್ಲಿ ಅಕ್ಷರ ದೊಡ್ಡದಿರಲಿ, ಒತ್ತಕ್ಷರ ಕೆಳಗಿನ ಸಾಲಿಗೆ ತಾಗದಷ್ಟು ಜಾಗ ಇರಲಿ. ಒತ್ತು ಕೆಳಗಿನ ಸಾಲಿನ ದೀರ್ಘಕ್ಕೋ ಗುಡಿಸಿಗೋ ತಾಗಿದರೆ ಮಗು ಎಡವುವುದು ಮುದ್ರಣದಿಂದ, ಓದಿನಿಂದ ಅಲ್ಲ.

ಮೊದಲು ಇದರಲ್ಲಿ ನಾಯಿಮರಿ ಇತ್ತು. ನಮ್ಮ ಇನ್ನೊಬ್ಬ ಟೀಚರ್ ಓದಿ ನೋಡಿ, "ರಶೀದ ನಾಯಿಮರಿ ಎತ್ತಿಕೊಂಡು ಮನೆ ಒಳಗೆ ಹೋದರೆ ಅಜ್ಜ ಬೈಯದೆ ಇರ್ತಾರಾ?" ಅಂದರು. ಸರಿಯೇ. ಅರ್ಧ ತರಗತಿ ಅಲ್ಲೇ ನಿಂತು ಬಿಡುತ್ತಿತ್ತು. ಬೆಕ್ಕು ಮಾಡಿದೆ. ಮಗುವಿಗೆ ಕತೆ ಹೊಂದಿಕೆ ಆಗದಿದ್ದರೆ ಓದುವಾಗ ಮುಂದಿನ ಪದ ಊಹಿಸಲು ಆಗುವುದಿಲ್ಲ, ಆ ಊಹೆಯೂ ಓದಿನ ಒಂದು ಭಾಗವೇ.

ತಪ್ಪು ಯಾವುದು, ತಪ್ಪಲ್ಲ ಯಾವುದು

ಇದನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿಕೊಳ್ಳಿ. ಒಂದೇ ಶಾಲೆಯ ಇಬ್ಬರು ಟೀಚರುಗಳು ಬೇರೆ ಬೇರೆ ಎಣಿಸಿದರೆ ಅಂಕಿಗೆ ಅರ್ಥವೇ ಇಲ್ಲ.

ಒಂದು ಪದದ ಬದಲು ಇನ್ನೊಂದು ಓದಿದರೆ ಒಂದು ತಪ್ಪು. ಪದ ಬಿಟ್ಟರೆ ಒಂದು. ಇಲ್ಲದ ಪದ ಸೇರಿಸಿದರೂ ಒಂದು. ಮಗು ನಿಂತುಬಿಟ್ಟು ನೀವು ಹೇಳಿಕೊಟ್ಟರೆ ಒಂದು. ತಪ್ಪು ಓದಿ ತಾನೇ ಸರಿ ಮಾಡಿಕೊಂಡರೆ ತಪ್ಪಲ್ಲ, ಆದರೆ ಬೇರೆ ಗುರುತು ಹಾಕಿ ಎಣಿಸಿಟ್ಟುಕೊಳ್ಳಿ. ಓದಿದ್ದನ್ನೇ ಮತ್ತೆ ಓದಿದರೆ ತಪ್ಪಲ್ಲ. ಹೆಸರು ಪದ, ಇಲ್ಲಿ ರಶೀದ, ಎಷ್ಟು ಸಲ ತಪ್ಪಾಗಿ ಓದಿದರೂ ಒಂದೇ ತಪ್ಪು. ಬೇರೆ ಪದ ಆದರೆ ಪ್ರತಿ ಸಲವೂ ಎಣಿಕೆ. ಇಷ್ಟು ಎಲ್ಲ ಕಡೆ ಒಂದೇ ರೀತಿ.

ಇನ್ನು ನಮ್ಮ ಊರಿನ ವಿಷಯ. ಮನೆ ಮಾತಿನ ಉಚ್ಚಾರಣೆ ತಪ್ಪಲ್ಲ. ನಮ್ಮ ಕನ್ನಡದಲ್ಲಿ ಹ ಇರುವ ಎಷ್ಟೋ ಪದಗಳಿಗೆ ಮಲಯಾಳದಲ್ಲಿ, ತುಳುವಿನಲ್ಲಿ ಪ ಇದೆ. ಹಾಲು ಅಂದರೆ ಮಲಯಾಳದಲ್ಲಿ ಪಾಲ್, ತುಳುವಿನಲ್ಲಿ ಪೇರ್. ಹೂವು ಎರಡರಲ್ಲೂ ಪೂ. ಮನೆಯಲ್ಲಿ ಪದದ ಮೊದಲಿಗೆ ಹ ಹೆಚ್ಚು ಕೇಳದ ಮಗುವಿಗೆ ಆ ಶಬ್ದ ನಾಲಿಗೆಗೆ ತಡವಾಗಿ ಬರುತ್ತದೆ. ಶಾಲೆಯನ್ನು ಸಾಲೆ ಅನ್ನುವುದು, ನೀರು ಅನ್ನುವಾಗ ಕೊನೆಯ ಉ ಅರ್ಧ ನುಂಗಿ ನೀರ್ ಅನ್ನುವುದು, ಮಹಾಪ್ರಾಣ ಹಗುರ ಮಾಡುವುದು, ಇವೂ ಅಷ್ಟೇ. ಮಗು ಅಕ್ಷರವನ್ನು ಗುರುತಿಸಿದೆ, ಪದವನ್ನು ಹಿಡಿದಿದೆ, ತನಗೆ ಗೊತ್ತಿರುವ ರೀತಿಯಲ್ಲಿ ಹೇಳಿದೆ. ನಾವು ಅಳೆಯುತ್ತಿರುವುದು ಓದನ್ನು.

ಹಾಗಾದರೆ ಅಕ್ಷರವೇ ಗೊತ್ತಿಲ್ಲದೆ ಹ ಬಿಟ್ಟದ್ದೋ, ಮನೆ ಮಾತಿಂದ ಬಿಟ್ಟದ್ದೋ, ತಿಳಿಯುವುದು ಹೇಗೆ? ಎರಡು ನಿಮಿಷದ ಪರೀಕ್ಷೆ ಸಾಕು. ಓದಿಸುವ ಮೊದಲು, ಮಾತಾಡಿಸುವ ಹಾಗೆ, ಹಾಲಿನ ಚಿತ್ರ, ಹಸಿರು ಎಲೆಯ ಚಿತ್ರ ತೋರಿಸಿ ಕೇಳಿ. "ಪಾಲ್" ಅಂದರೆ "ಶಾಲೆಯಲ್ಲಿ ಏನಂತೀವಿ?" ಅಂತ ಕೇಳಿ. "ಆಲು" ಅಂದರೆ ಮುಗಿಯಿತು, ಅದು ಮಾತು. ಆಮೇಲೆ ಹ, ಅ, ಹಾ, ಆ ಬರೆದ ನಾಲ್ಕು ಚೀಟಿ ಇಟ್ಟು "ಹಾಲು ಬರೆಯಲು ಯಾವ ಚೀಟಿ ಬೇಕು?" ಅಂತ ಕೇಳಿ. ಬಾಯಲ್ಲಿ ಆಲು ಅಂದ ಮಗು ಕೈಯಲ್ಲಿ ಹಾ ಎತ್ತಿಕೊಟ್ಟರೆ ಅಕ್ಷರ ಗೊತ್ತಿದೆ ಅಂತಲೇ ಅರ್ಥ. ಇನ್ನೊಂದು ಸುಳಿವು ಓದುವಾಗಲೇ ಸಿಗುತ್ತದೆ. ಮನೆ ಮಾತಾದರೆ ಎಲ್ಲ ಹ ಒಂದೇ ರೀತಿ ಹೋಗುತ್ತದೆ. ಹಸಿರು ಸರಿ ಓದಿ ಹೊರಟ ಮಾತ್ರ ಒರಟ ಆದರೆ, ಅಲ್ಲಿ ಬೇರೇನೋ ಇದೆ, ನಿಲ್ಲಿ.

ಆದರೆ ಪುಟದಲ್ಲಿ ಹಾಲು ಅಂತ ಇದ್ದು ಮಗು "ಪಾಲ್" ಅಂತ ಓದಿದರೆ ಅದು ತಪ್ಪೇ. ಬೇರೆ ಪದ ಓದಿದ್ದು ಅದು. ಎಣಿಸಿ, ಆದರೆ ಪಕ್ಕದಲ್ಲಿ ಬರೆದಿಡಿ, ಯಾಕೆಂದರೆ ಅರ್ಥ ಸರಿ ಹಿಡಿದ ಮಗುವಿನ ತಪ್ಪು ಅದು.

ಕೂರಿಸುವುದು, ಗುರುತು ಹಾಕುವುದು

ಗದ್ದಲ ಇಲ್ಲದ ಮೂಲೆ ಬೇಕು. ನಮಗೆ ಸಿಗುವುದು ಮಧ್ಯಾಹ್ನದ ಊಟ ಮುಗಿದ ಮೇಲಿನ ಹೊತ್ತು, ವರಾಂಡದ ಕೊನೆ. ಎದುರು ಕೂರಬೇಡಿ, ಪಕ್ಕದಲ್ಲಿ ಕೂರಿ. ಪೆನ್ಸಿಲ್ ಹಿಡಿದು ಎದುರು ಕೂತರೆ ಮಗು ಪುಟ ನೋಡುವುದು ಬಿಟ್ಟು ನಿಮ್ಮ ಮುಖ ನೋಡುತ್ತದೆ. "ಇದೊಂದು ಬೆಕ್ಕಿನ ಮರಿಯ ಕತೆ, ನನಗೆ ಓದಿ ಹೇಳು, ಗೊತ್ತಾಗದ ಪದ ಬಂದರೆ ನಿನಗೆ ಆದ ಹಾಗೆ ಓದು" ಅಷ್ಟೇ ಹೇಳುತ್ತೇನೆ. ಬೇಗ ಓದು ಅಂತ ಯಾವತ್ತೂ ಹೇಳುವುದಿಲ್ಲ. ಹೇಳಿದರೆ ಅರ್ಧ ಮಕ್ಕಳು ಬಸ್ಸು ತಪ್ಪುವ ಹಾಗೆ ಓದಿ ಪದ ನುಂಗುತ್ತಾರೆ. ಫೋನಿನ ಸ್ಟಾಪ್‌ವಾಚ್ ಹಾಳೆಯ ಅಡಿಯಲ್ಲಿ ಇಟ್ಟುಕೊಳ್ಳಿ, ಮೊದಲ ಪದ ಶುರುವಾದಾಗ ಒತ್ತಿ.

ನನ್ನ ಗುರುತುಗಳು ಇವು. ಸರಿ ಓದಿದ ಪದಕ್ಕೆ ಮೇಲೊಂದು ಟಿಕ್ಕು. ತಪ್ಪು ಓದಿದರೆ ಮಗು ಏನು ಹೇಳಿತೋ ಅದನ್ನೇ ಪದದ ಮೇಲೆ ಬರೆಯುವುದು, ಬರೀ ಅಡ್ಡಗೆರೆ ಎಳೆದು ಬಿಡುವುದಲ್ಲ. ಬಿಟ್ಟ ಪದಕ್ಕೆ ಒಂದು ಗೀಟು. ತಾನೇ ತಿದ್ದಿಕೊಂಡರೆ "ಸ್ವ". ನಾನು ಹೇಳಿಕೊಟ್ಟರೆ "ಹೇ". ಮತ್ತೆ ಓದಿದರೆ "ಮ". ಮನೆ ಮಾತಿನ ಉಚ್ಚಾರಣೆಗೆ ಟಿಕ್ಕು ಹಾಕಿ ಅದರ ಮೇಲೆ ಒಂದು ಚುಕ್ಕಿ. ಆ ಚುಕ್ಕಿ ನಾನು ಸೇರಿಸಿಕೊಂಡದ್ದು. ತಪ್ಪಿನ ಲೆಕ್ಕಕ್ಕೆ ಬರದಿದ್ದರೂ ಎಲ್ಲೋ ಒಂದು ಕಡೆ ದಾಖಲೆ ಇರಲಿ ಅಂತ.

ಒಂದು ಸಾಲು ಹೀಗೆ ಕಾಣುತ್ತದೆ:

```
 ✓     ✓        ✓     ಅರಿಯು.. ಹೇ
ತೋಟದ  ದಾರಿಯಲ್ಲಿ  ನೀರು   ಹರಿಯುತ್ತಿತ್ತು

 ✓     ✓       ✓    ನಡೆಯುತ್ತಾ   ✓
ಅಲ್ಲಿ   ಬೆಕ್ಕಿನ   ಮರಿ   ನಡುಗುತ್ತಾ   ನಿಂತಿತ್ತು
```

ಮಗು ನಿಂತಾಗ ಎಷ್ಟು ಹೊತ್ತು ಕಾಯಬೇಕು? ನಾನು ಮನಸ್ಸಿನಲ್ಲಿ ಐದು ಎಣಿಸುತ್ತೇನೆ, ಆಮೇಲೆ ಪದ ಹೇಳಿಕೊಡುತ್ತೇನೆ. ಅಕ್ಷರ ಅಕ್ಷರ ಕೂಡಿಸುತ್ತಾ ಇದ್ದರೆ ಎಣಿಸುವುದೇ ಇಲ್ಲ, ಕಾಯುತ್ತೇನೆ. ಇಲ್ಲಿ ಟೀಚರುಗಳಿಗೆ ಬಾಯಿ ತಡೆದುಕೊಳ್ಳುವುದೇ ಕಷ್ಟ. ಮೊದಲಕ್ಷರ ಪಿಸುಗುಟ್ಟುವುದು, ತಲೆ ಅಲ್ಲಾಡಿಸುವುದು, "ಊಂ?" ಅನ್ನುವುದು, ಇವೆಲ್ಲ ಹೇಳಿಕೊಟ್ಟ ಲೆಕ್ಕವೇ. ಮಗು ತಪ್ಪು ಓದಿ ಮುಂದೆ ಹೋದರೆ ಹೋಗಲಿ ಬಿಡಿ. ಪಾಠ ಮಾಡುವ ಹೊತ್ತು ಅದಲ್ಲ.

ಓದು ಮುಗಿದ ಕೂಡಲೇ ಹಾಳೆ ತಿರುಗಿಸಿ ಇಟ್ಟು "ಏನಾಯ್ತು ಹೇಳು ನೋಡುವಾ" ಅಂತ ಕೇಳುತ್ತೇನೆ. ಯಾವ ಭಾಷೆಯಲ್ಲಿ ಹೇಳಿದರೂ ಸರಿ. ಮಲಯಾಳದಲ್ಲೋ ತುಳುವಿನಲ್ಲೋ ಹೇಳಿದರೆ ಜಾಸ್ತಿಯೇ ಹೇಳುತ್ತಾರೆ. ಆಮೇಲೆ ಮೂರು ಪ್ರಶ್ನೆ: ಮರಿ ಯಾಕೆ ನಡುಗುತ್ತಿತ್ತು, ಕೊಡೆ ಎಲ್ಲಿ ಬಿತ್ತು, ಅಜ್ಜ ಯಾಕೆ ಬೈಯಲಿಲ್ಲ. ಕೊನೆಯದಕ್ಕೆ ಉತ್ತರ ಪುಟದಲ್ಲಿ ಇಲ್ಲ, ಮಗುವೇ ಯೋಚಿಸಿ ಹೇಳಬೇಕು.

ಒಂದು ಹುಡುಗಿಯ ಹಾಳೆ

ಮನೆ ಮಾತು ಮಲಯಾಳ, ಎರಡನೇ ತರಗತಿ, ಜುಲೈ ತಿಂಗಳು. ಚೀಟಿ ಪರೀಕ್ಷೆಯಲ್ಲಿ ಹಾ ಸರಿಯಾಗಿ ಎತ್ತಿಕೊಟ್ಟಳು, ಬಾಯಲ್ಲಿ ಆಲು ಅಂದಳು. ಓದಿದ್ದು 2 ನಿಮಿಷ 10 ಸೆಕೆಂಡು.

ತಪ್ಪುಗಳು ಐದು. "ತಂದಿದ್ದರು" ಇದ್ದಲ್ಲಿ "ತಂದರು" ಅಂದಳು. "ಹರಿಯುತ್ತಿತ್ತು" ಹತ್ತಿರ ನಿಂತಳು, "ಅರಿಯು" ತನಕ ಬಂದು ಕೈಬಿಟ್ಟಳು, ನಾನು ಹೇಳಿಕೊಟ್ಟೆ. "ನಡುಗುತ್ತಾ" ಬದಲು "ನಡೆಯುತ್ತಾ". "ಹಳ್ಳಕ್ಕೆ" ಬದಲು "ತೋಡಿಗೆ". "ಎತ್ತಿಕೊಂಡು" ಹೋಗಿ "ಎತಿಕೊಂಡು" ಆಯಿತು. ತಾನೇ ತಿದ್ದಿಕೊಂಡದ್ದು ಎರಡು: "ಬಿಸಿತು" ಅಂದು ಕೂಡಲೇ "ಬೀಸಿತು" ಅಂದಳು, "ಒದೆ" ಅಂದು ನಿಂತು "ಒದ್ದೆಯಾದರು" ಅಂದಳು. "ರಶೀದ ಅದನ್ನು" ಎರಡು ಸಲ ಓದಿದಳು, ಅದಕ್ಕೆ ಲೆಕ್ಕ ಇಲ್ಲ.

ನಿಖರತೆಯ ಲೆಕ್ಕ ಸುಲಭ. ಒಟ್ಟು ಪದದಿಂದ ತಪ್ಪು ಕಳೆಯಿರಿ, ಒಟ್ಟು ಪದದಿಂದ ಭಾಗಿಸಿ, ನೂರರಿಂದ ಗುಣಿಸಿ.

```
(60 - 5) ÷ 60 × 100 = 91.7
```

ಇನ್ನು ಚುಕ್ಕಿಗಳು. ಹೊಸ, ಹಸಿರು, ಹಿಡಿದು, ಹೊರಟ, ಹಿಡಿದ, ಹಾರಿ, ಹಾಲು, ಈ ಏಳರಲ್ಲೂ ಹ ಹೋಗಿತ್ತು. ಶಾಲೆಗೆ ಸಾಲೆಗೆ ಆಗಿತ್ತು. ರಶೀದ ರಸೀದ ಆಗಿದ್ದ, ಹೆಸರಾದ್ದರಿಂದ ಒಂದೇ ಸಲ ಲೆಕ್ಕ. ಒಟ್ಟು ಒಂಬತ್ತು. ನಾನು ಮೊದಲಿನ ಹಾಗೆ ಇವನ್ನೂ ತಪ್ಪಿಗೆ ಸೇರಿಸಿದ್ದರೆ 14 ಆಗುತ್ತಿತ್ತು.

```
(60 - 14) ÷ 60 × 100 = 76.7
```

ಒಂದೇ ಹುಡುಗಿ, ಒಂದೇ ಓದು. 91.7 ಬಂದರೆ ಈ ಮಟ್ಟದ ಪಾಠ ಇಟ್ಟುಕೊಂಡು ಕಲಿಸು ಅಂತ ಅರ್ಥ, 76.7 ಬಂದರೆ ಇದನ್ನು ಎತ್ತಿಟ್ಟು ಕೆಳಗಿನ ಮಟ್ಟಕ್ಕೆ ಹೋಗು ಅಂತ ಅರ್ಥ. ನನ್ನ ಆ ಹಳೆ ಹುಡುಗನಿಗೆ ಆದದ್ದು ಇದೇ.

ಪಟ್ಟಿಗಳು

ರೂಢಿಯಲ್ಲಿ ಇರುವ ಪಟ್ಟಿ ಮೂರು. 95ರಿಂದ 100 ಬಂದರೆ ಮಗುವಿಗೆ ಆ ಪಾಠ ಸುಲಭ, ತಾನೇ ಓದಿಕೊಳ್ಳಬಹುದು. 90ರಿಂದ 94 ಬಂದರೆ ಟೀಚರ್ ಜೊತೆಗಿದ್ದರೆ ಕಲಿಯುವ ಮಟ್ಟ. 90ಕ್ಕಿಂತ ಕಡಿಮೆ ಆದರೆ ಕಷ್ಟ, ಅರ್ಥ ಕೈಬಿಟ್ಟು ಹೋಗುತ್ತಿರುತ್ತದೆ. ಪಾಠಭಾಗ ಸರಿಯಾಗಿ 60 ಪದ ಇದ್ದರೆ ಭಾಗಾಕಾರವೂ ಬೇಡ: 3 ತಪ್ಪಿನ ತನಕ ಸುಲಭ, 4ರಿಂದ 6 ಕಲಿಕೆಯ ಮಟ್ಟ, 7 ಮತ್ತು ಮೇಲೆ ಕಷ್ಟ. ಇದಕ್ಕಾಗಿಯೇ ನಾನು 60ಕ್ಕೆ ನಿಲ್ಲಿಸುವುದು.

ಆದರೆ ನೋಡಿ, 60 ಪದದಲ್ಲಿ ಒಂದು ತಪ್ಪಿಗೆ 1.7 ಶೇಕಡಾ ಹೋಗುತ್ತದೆ. 6 ತಪ್ಪು ಮಾಡಿದ ಮಗುವಿಗೂ 7 ತಪ್ಪು ಮಾಡಿದ ಮಗುವಿಗೂ ಪಟ್ಟಿ ಬೇರೆ, ಮಗು ಬೇರೆ ಅಲ್ಲ. ಹೊರಗೆ ಕಾಗೆ ಕೂಗಿದರೂ ಒಂದು ತಪ್ಪು ಆಗಬಹುದು. ಗಡಿಯ ಆಚೆ ಈಚೆ ಒಂದು ತಪ್ಪಿನ ದೂರದಲ್ಲಿ ಇದ್ದರೆ ಮರುದಿನ ಇನ್ನೊಂದು ಪಾಠಭಾಗ ಓದಿಸಿ, ಎರಡನ್ನೂ ಕೂಡಿಸಿ ನೋಡಿ. ಇನ್ನೊಂದು, ಈ 90, 95 ಗಡಿಗಳು ಇಂಗ್ಲಿಷ್ ತರಗತಿಗಳಿಂದ ಬಂದವು. ಅಲ್ಲಿ ಚಿಕ್ಕ ಚಿಕ್ಕ ಪದ ತುಂಬ ಬರುತ್ತದೆ, ಅವು ಸುಲಭವಾಗಿ ಸರಿಯಾಗುತ್ತವೆ. ನಮ್ಮಲ್ಲಿ ಮೈ ಒಂದು ಪದ, ಹರಿಯುತ್ತಿತ್ತು ಒಂದು ಪದ, ಎರಡಕ್ಕೂ ತೂಕ ಒಂದೇ. ಹಾಗಾಗಿ ಕನ್ನಡದಲ್ಲಿ 88 ಬಂದ ಮಗುವನ್ನು ನಾನು ಕೂಡಲೇ ಕೆಳಗೆ ಇಳಿಸುವುದಿಲ್ಲ. ಕತೆ ತಿರುಗಿ ಹೇಳಲು ಬಂತಾ ಅಂತ ಮೊದಲು ನೋಡುತ್ತೇನೆ. 97 ಬಂದೂ ಕೊಡೆ ಎಲ್ಲಿ ಬಿತ್ತು ಅಂತ ಗೊತ್ತಿಲ್ಲದ ಮಗುವೂ ಇರುತ್ತದೆ, ಅದಕ್ಕೆ ಆ ಪಾಠ ಸುಲಭ ಅಂತ ಬರೆಯುವುದು ಸುಳ್ಳು.

ವೇಗದ ಬಗ್ಗೆ ಸ್ವಲ್ಪ ಹೇಳಿ ಮುಂದೆ ಹೋಗುತ್ತೇನೆ. ಸರಿ ಓದಿದ ಪದ 55, ಹೊತ್ತು 130 ಸೆಕೆಂಡು. 55ನ್ನು 60ರಿಂದ ಗುಣಿಸಿ 130ರಿಂದ ಭಾಗಿಸಿದರೆ ನಿಮಿಷಕ್ಕೆ 25 ಪದ. ಕೇಂದ್ರ ಸರ್ಕಾರ 2021ರಲ್ಲಿ ಶುರು ಮಾಡಿದ ನಿಪುಣ್ ಭಾರತ್‌ನಲ್ಲಿ ಎರಡನೇ ತರಗತಿ ಮುಗಿಯುವಾಗ ನಿಮಿಷಕ್ಕೆ 45ರಿಂದ 60 ಪದ ಅಂತ ಗುರಿ ಇದೆ. ಅದನ್ನು ನೋಡಿ ಜುಲೈಯಲ್ಲೇ ಗಾಬರಿ ಆಗಬೇಡಿ. ಅದು ವರ್ಷದ ಕೊನೆಯ ಮಾತು, ಮತ್ತೆ ಪದದ ಉದ್ದ ಎಲ್ಲ ಭಾಷೆಯಲ್ಲೂ ಒಂದೇ ಅಲ್ಲ. ವೇಗಕ್ಕಿಂತ ನನಗೆ ಜಾಸ್ತಿ ತಿಳಿಸುವುದು ಓದಿನ ತುಂಡು. ಮಗು ಎಲ್ಲಿ ಉಸಿರು ನಿಲ್ಲಿಸಿತೋ ಅಲ್ಲಿ ಒಂದು ಓರೆಗೆರೆ ಹಾಕಿ. "ಅಜ್ಜ / ಹೊಸ / ಕೊಡೆ / ತಂದರು" ಅಂತ ಒಂದೊಂದೇ ಪದ ಇಟ್ಟ ಹಾಗೆ ಓದಿದಳೋ, "ಅಜ್ಜ / ಹೊಸ ಕೊಡೆ ತಂದರು" ಅಂತ ಓದಿದಳೋ. ಈ ಹುಡುಗಿ ಶುರುವಿನಲ್ಲಿ ಮೊದಲಿನ ತರ, ಕತೆ ಹಿಡಿದ ಮೇಲೆ ಎರಡನೇ ತರ.

ತಪ್ಪನ್ನು ಓದುವುದು

ಎಷ್ಟೋ ಕಡೆ ಅಂಕಿ ಬರೆದು ಹಾಳೆ ಫೈಲಿಗೆ ಸೇರಿಸುವುದರಲ್ಲಿ ಕೆಲಸ ಮುಗಿಯುತ್ತದೆ. ಹಾಗಾದರೆ ಗುರುತು ಹಾಕಿದ್ದೇ ವ್ಯರ್ಥ, ಒಂದು ಮಾರ್ಕು ಕೊಟ್ಟರೆ ಸಾಕಿತ್ತು.

ಪ್ರತಿ ತಪ್ಪಿಗೂ ಮೂರು ಪ್ರಶ್ನೆ ಕೇಳಿ. ಅರ್ಥ ಉಳಿಯಿತಾ? ವಾಕ್ಯ ಕಿವಿಗೆ ಸರಿ ಕೇಳುತ್ತದಾ? ಪುಟದ ಅಕ್ಷರಗಳಿಗೆ ಹೋಲುತ್ತದಾ? "ತೋಡಿಗೆ ಬಿತ್ತು" ತಗೊಳ್ಳಿ. ಅರ್ಥ ಪೂರ್ತಿ ಉಳಿದಿದೆ. ನಮ್ಮೂರಲ್ಲಿ ಹಳ್ಳ ಅಂತ ಯಾರು ಹೇಳುತ್ತಾರೆ, ಎಲ್ಲರಿಗೂ ತೋಡೇ. ವಾಕ್ಯವೂ ಸರಿ. ಆದರೆ ಅಕ್ಷರ ಒಂದೂ ಹೋಲುವುದಿಲ್ಲ, ಅಂದರೆ ಅವಳು ಆ ಪದವನ್ನು ಓದಲೇ ಇಲ್ಲ, ಕತೆ ನೋಡಿ ಹೇಳಿದಳು. "ಎತಿಕೊಂಡು" ಇದಕ್ಕೆ ಪೂರಾ ಉಲ್ಟಾ: ಅಕ್ಷರಕ್ಕೆ ಅಂಟಿಕೊಂಡಿದ್ದಾಳೆ, ಒತ್ತು ಬಿಟ್ಟಿದೆ, ಹಾಗೊಂದು ಪದವೇ ಇಲ್ಲ ಅಂತ ಕಿವಿಗೆ ಹೊಳೆದಿಲ್ಲ. "ನಡೆಯುತ್ತಾ ನಿಂತಿತ್ತು" ಅಂತ ಓದಿದಾಗ ನನಗೆ ಜಾಸ್ತಿ ಕುತೂಹಲ ಆಯಿತು. ಶುರುವಿನ ಅಕ್ಷರ ಸರಿ, ವಾಕ್ಯದ ಹೊಂದಿಕೆಯೂ ಸರಿ, ಆದರೆ ನಡೆಯುವ ಮರಿ ನಿಲ್ಲುವುದು ಹೇಗೆ ಅಂತ ಅವಳಿಗೆ ಅನ್ನಿಸಲಿಲ್ಲ. ಆಮೇಲೆ ಮರಿ ಯಾಕೆ ನಡುಗುತ್ತಿತ್ತು ಅಂತ ಕೇಳಿದಾಗ, "ನಡುಗೋದು ಅಂದ್ರೆ ಎಂತ ಟೀಚರೇ?" ಅಂದಳು. ಪದವೇ ಗೊತ್ತಿರಲಿಲ್ಲ. ನಾನು ಮೈ ನಡುಗಿಸಿ ತೋರಿಸಿದೆ, "ಓ, ವಿರಯ್ಕುನ್ನದ್!" ಅಂದು ನಕ್ಕಳು.

ಈಗ ಐದನ್ನೂ ಒಟ್ಟಿಗೆ ಇಡಿ. ಐದರಲ್ಲೂ ಒತ್ತಕ್ಷರ ಇದೆ. ಹಾಗಾದರೆ ಒತ್ತಕ್ಷರ ಬರುವುದಿಲ್ಲ ಅಂತ ಬರೆದುಬಿಡುವುದಾ? ನಾನೂ ಮೊದಲು ಹಾಗೇ ಬರೆಯಹೊರಟೆ. ಆದರೆ ಟಿಕ್ಕುಗಳನ್ನೂ ನೋಡಬೇಕು. ಅಜ್ಜ, ಬಣ್ಣ, ಬೆಕ್ಕಿನ, ಇಬ್ಬರೂ, ಬಟ್ಟೆಯಿಂದ, ಬಿತ್ತು, ಎಲ್ಲ ಸರಿ ಓದಿದ್ದಾಳೆ. ಬರುತ್ತಿತ್ತು ಕೂಡ ಸರಿ. ಒತ್ತು ಗೊತ್ತಿದೆ. ಸಿಕ್ಕಿಬಿದ್ದದ್ದು ಎಲ್ಲಿ ಅಂದರೆ, ಐದರಲ್ಲಿ ನಾಲ್ಕು ಕ್ರಿಯಾಪದ. ಅದೂ ತಂದಿದ್ದರು, ಹರಿಯುತ್ತಿತ್ತು, ಎತ್ತಿಕೊಂಡು ಅಂಥವು, ಬಾಲ ಉದ್ದ ಇರುವ ಪುಸ್ತಕದ ರೂಪಗಳು. ಈ ರೂಪಗಳು ಅವಳ ಕಿವಿಗೆ ಬೀಳುವುದು ಶಾಲೆಯಲ್ಲಿ ಮಾತ್ರ. ಬರುತ್ತಿತ್ತು ಹೇಗೆ ಬಂತು ಅಂದರೆ ಪಾಠದಲ್ಲಿ ಹತ್ತಾರು ಸಲ ಕಂಡ ಪದ, ನೋಡಿದ ಕೂಡಲೇ ಗುರುತು ಸಿಕ್ಕಿತು.

ತಿದ್ದಿಕೊಂಡದ್ದರ ಲೆಕ್ಕವೂ ಇಲ್ಲಿ ಬೇಕು. ತಪ್ಪು 5, ತಿದ್ದಿದ್ದು 2, ಒಟ್ಟು 7ನ್ನು 2ರಿಂದ ಭಾಗಿಸಿದರೆ 3.5. ಅಂದರೆ ಮೂರೂವರೆ ಸಲ ಎಡವಿದರೆ ಒಂದು ಸಲ ತಾನೇ ಎದ್ದುಕೊಂಡಿದ್ದಾಳೆ. 5ರ ಒಳಗೆ ಇದ್ದರೆ ಮಗು ತನ್ನ ಓದನ್ನು ತಾನೇ ಕೇಳಿಸಿಕೊಳ್ಳುತ್ತಿದೆ ಅಂತ ಸಾಮಾನ್ಯವಾಗಿ ತಗೊಳ್ಳುತ್ತಾರೆ. ತಿದ್ದಿದ ಎರಡೂ, ಬೀಸಿತು ಮತ್ತು ಒದ್ದೆ, ಅವಳಿಗೆ ಅರ್ಥ ಗೊತ್ತಿರುವ ಪದಗಳು. ಅರ್ಥ ಗೊತ್ತಿದ್ದಲ್ಲಿ ತಿದ್ದಿಕೊಳ್ಳುತ್ತಾಳೆ, ಗೊತ್ತಿಲ್ಲದಲ್ಲಿ ಹಾಗೇ ಹೋಗುತ್ತಾಳೆ.

ಹಾಗಾಗಿ ಅವಳಿಗೆ ಒತ್ತಕ್ಷರದ ಕಾಗುಣಿತ ಮತ್ತೆ ಬರೆಸಲಿಲ್ಲ. ದಿನಕ್ಕೆ ಹತ್ತು ನಿಮಿಷ, ಬಾಲ ಒಂದೇ ಇರುವ ಪದಗಳ ಚೀಟಿ: ಬರುತ್ತಿತ್ತು, ಓಡುತ್ತಿತ್ತು, ಹರಿಯುತ್ತಿತ್ತು, ನಡುಗುತ್ತಿತ್ತು. "ತ್ತಿತ್ತು" ಒಂದು ಚೀಟಿ, ಮುಂದಿನ ಭಾಗ ಬೇರೆ ಚೀಟಿ, ಜೋಡಿಸಿ ಓದುವುದು, ಓದಿ ಮಾಡಿ ತೋರಿಸುವುದು. ಓಡುತ್ತಿತ್ತು ಅಂದರೆ ಓಡಬೇಕು. ಆಮೇಲೆ "ಕೊಂಡು" ಬಾಲ: ಎತ್ತಿಕೊಂಡು, ಹಿಡಿದುಕೊಂಡು, ಕೂತುಕೊಂಡು. ಹ ಬಗ್ಗೆ ಏನೂ ಮಾಡಲಿಲ್ಲ, ಬೆಳಗಿನ ಪದ್ಯದಲ್ಲಿ ಹ ಇರುವ ಸಾಲು ಎಲ್ಲರ ಜೊತೆ ಹೇಳಿಸಿದ್ದು ಬಿಟ್ಟರೆ.

ಮತ್ತೆ ಯಾವಾಗ

ಆರು ವಾರ ಬಿಟ್ಟು, ಬೇರೆ ಪಾಠಭಾಗ, ಅದೇ ಮಟ್ಟದ್ದು. ಅದೇ ಪಾಠ ಮತ್ತೆ ಓದಿಸಿದರೆ ಅಂಕಿ ಏರುತ್ತದೆ, ಏರಿದ್ದು ನೆನಪಿನಿಂದ. ತರಗತಿಯ ಎಲ್ಲರಿಗೂ ಒಂದೇ ದಿನ ಮಾಡಲು ಹೋಗಬೇಡಿ, ದಿನಕ್ಕೆ ಇಬ್ಬರು ಸಾಕು. ಓದು, ಕತೆ, ಪ್ರಶ್ನೆ ಎಲ್ಲ ಸೇರಿ ಒಬ್ಬರಿಗೆ ಎಂಟು ಹತ್ತು ನಿಮಿಷ ಹಿಡಿಯುತ್ತದೆ. ಈಗಾಗಲೇ ಓದಿದ ಮಕ್ಕಳು ಹೊರಗೆ ಹೋಗಿ ಬೆಕ್ಕಿನ ಕತೆ ಹೇಳಿಬಿಡುತ್ತಾರೆ, ಅದಕ್ಕೆ ಒಂದೇ ಮಟ್ಟದ ಮೂರು ಪಾಠಭಾಗ ಇಟ್ಟುಕೊಂಡು ಬದಲಿಸುತ್ತಾ ಇರುತ್ತೇನೆ.

ಆ ಹುಡುಗಿ ಸೆಪ್ಟೆಂಬರಿನಲ್ಲಿ ಓದಿದ್ದು ಬಾವಿಯ ಕತೆ, ಅದರಲ್ಲೂ 60 ಪದ. ತಪ್ಪು 4, ಅಂದರೆ 93.3. ಪಟ್ಟಿ ಅದೇ, ಫೈಲು ನೋಡುವವರಿಗೆ ಏನೂ ಬದಲಾಗಿಲ್ಲ. ಆದರೆ "ಇಣುಕುತ್ತಿತ್ತು" ಬಂದಾಗ ನಿಂತಳು, ಬೆರಳಿನಿಂದ "ತ್ತಿತ್ತು" ಮುಚ್ಚಿದಳು, "ಇಣುಕು" ಓದಿದಳು, ಬೆರಳು ತೆಗೆದಳು, ಪದ ಪೂರ್ತಿ ಹೇಳಿದಳು. ಆ ಸಲದ ನಾಲ್ಕು ತಪ್ಪಿನಲ್ಲಿ ಮೂರು ಕೊಂಬಿನ ದೀರ್ಘದ್ದು, ಕೂಗು ಕುಗು ಆದಂಥವು. ಈಗ ಅದರ ಚೀಟಿ ಮಾಡುತ್ತಿದ್ದೇನೆ.